ಪ್ಲಾಸ್ಟರ್ ಬಿಚ್ಚಿದ ಕಾಲು ನಾಳೆಯೇ ತೋಟ ಇಳಿಯಲ್ಲ



ಕೊಡಗಿನ ಕಾಫಿ ತೋಟಗಳಲ್ಲಿ ಜಾರಿ ಬಿದ್ದು ಕಾಲಿನ ಗಿಣ್ಣು ಮುರಿದುಕೊಳ್ಳೋರು ನಮ್ಮ ಲೈನ್ ಮನೆಯವರೇ. ಪ್ಲಾಸ್ಟರ್ ಬಿಚ್ಚಿದ ದಿನವೇ ರೈಟರ್ ಕೇಳ್ತಾನೆ, "ನಾಳೆಯಿಂದ ಕೆಲಸಕ್ಕೆ ಬರ್ತೀಯಾ?"

ನಾನು ಜೊತೆಗೆ ಹೋಗಿದ್ದ ಅಕ್ಕನಿಗೆ ಡಾಕ್ಟರು ಎಕ್ಸ್‌ರೇ ನೋಡಿ, ಮೊದಲು ಮೈತೂಕದ ಕಾಲುಭಾಗ ಮಾತ್ರ ಊರು ಅಂದರು. ಅಕ್ಕನ ತೂಕ 48 ಕೆಜಿ. ತೂಕದ ಮೆಷಿನ್ ಮೇಲೆ ಆ ಕಾಲಿಟ್ಟು, ಮುಳ್ಳು 12ಕ್ಕೆ ಬರುವಷ್ಟು ಒತ್ತಿ ಅಂದಾಜು ಕಲಿತಳು. ಮಾರನೇ ಬೆಳಿಗ್ಗೆ ನೋವು, ಊತ ಹೆಚ್ಚಿರದಿದ್ದರೆ ಮಾತ್ರ, ಡಾಕ್ಟರು ಹೇಳಿದಂತೆ ಭಾರ ಏರಿಸೋದು. ಎರಡು ಊರುಗೋಲಿಂದ ಒಂದಕ್ಕೆ ಬಂದಾಗ ಅದು ಪೆಟ್ಟಾಗದ ಕಾಲಿನ ಕಡೆಯ ಕೈಯಲ್ಲಿರಬೇಕು. ಕುಂಟದೆ ನಡೆಯೋಕೆ ಬಂದ ಮೇಲೆಯೇ ಅದನ್ನೂ ಬಿಡೋದು.

ಸಂಜೆ ಊದೋದು ತಿಂಗಳುಗಟ್ಟಲೆ ಇರುತ್ತೆ. ಮಲಗಿ, ಕಂಬಳಿ ಮಡಿಸಿಟ್ಟು ಕಾಲನ್ನು ಎದೆಗಿಂತ ಮೇಲಿಟ್ಟರೆ ಇಳಿಯುತ್ತೆ. ಆದರೆ ಮೀನಖಂಡ ನೋಯ್ತಾ ಬಿಸಿಯಾಗಿ ಊದಿದರೆ ರಕ್ತ ಹೆಪ್ಪುಗಟ್ಟಿರಬಹುದು. ತಕ್ಷಣ ಆಸ್ಪತ್ರೆಗೆ ಹೋಗಿ. ಉಸಿರುಕಟ್ಟಿದರಂತೂ ನಿಮಿಷವೂ ಕಾಯಬೇಡಿ.

ಇಳಿಜಾರು ಇಳಿಯೋಕೆ, ಕುಕ್ಕರಗಾಲಲ್ಲಿ ಕೂರೋಕೆ ಪಾದ ಮೊಣಕಾಲಿನ ಕಡೆಗೆ ಮಡಚಬೇಕು. ಪ್ಲಾಸ್ಟರ್‌ನಲ್ಲಿ ಬಿಗಿದುಹೋಗೋದು ಅದೇ. ಕಾಲು ಚಾಚಿ ಕೂತು, ಅಂಗಾಲಿಗೆ ಟವೆಲ್ ಹಾಕಿ ತನ್ನ ಕಡೆಗೆ ಮೆಲ್ಲಗೆ ಎಳೆದು 30 ಸೆಕೆಂಡ್ ಹಿಡೀಬೇಕು. ದಿನಕ್ಕೆ ಮೂರ್ನಾಲ್ಕು ಸಲ. ಎಳೆತ ಗೊತ್ತಾಗಬೇಕು, ಚುಚ್ಚುವ ನೋವು ಬರಬಾರದು.

ರೈಟರ್ ಕೇಳಿದರೆ ಇಷ್ಟು ಹೇಳಿ: ಸಮತಟ್ಟಿನಲ್ಲಿ ಕುಂಟುವ ಕಾಲು, ಬೆನ್ನ ಮೇಲೆ ಕಾಫಿ ಚೀಲ ಹೊತ್ತು ಇಳಿಜಾರು ಇಳಿಯಲ್ಲ. ಯಾವಾಗ ಬರಬಹುದು ಅಂತ ಡಾಕ್ಟರ ಕೈಲಿ ಚೀಟಿ ಬರೆಸಿಕೊಳ್ಳಿ.