ಕೇಳುವುದಿಲ್ಲ ಎಂಬ ದೂರು

ಕಚೇರಿಯಲ್ಲಿ ನನ್ನ ಕೆಲಸದ ಒಂದು ಪಾಲು ದೂರು ಅರ್ಜಿಗಳನ್ನು ಓದುವುದು. ದಿನಾಂಕವಿಲ್ಲದ, ಸ್ಥಳವಿಲ್ಲದ, ಏನು ನಡೆಯಿತೆಂಬ ಒಂದು ಉದಾಹರಣೆಯೂ ಇಲ್ಲದ ಅರ್ಜಿ ಬಂದರೆ ‘ವಿವರಗಳೊಂದಿಗೆ ಮತ್ತೆ ಸಲ್ಲಿಸಿ’ ಎಂದು ಬರೆದು ಹಿಂದಿರುಗಿಸುತ್ತೇನೆ. ಇಪ್ಪತ್ತು ವರ್ಷಗಳಿಂದ ಇದನ್ನು ಮಾಡುತ್ತಿರುವ ನಾನೇ ಒಂದು ರಾತ್ರಿ ಅಂಥದ್ದೇ ಅರ್ಜಿಯೊಂದನ್ನು ಬರೆದೆ. ಮೈಸೂರಿನಲ್ಲಿರುವ ನನ್ನ ದೊಡ್ಡಪ್ಪನ ಮಗಳಿಗೆ ಮೊಬೈಲಿನಲ್ಲಿ ಕಳಿಸಿದ್ದು ಒಂದೇ ವಾಕ್ಯ: “ಅಕ್ಕಾ, ಮಗ ಮಾತೇ ಕೇಳುವುದಿಲ್ಲ, ಏನು ಮಾಡಲಿ?”

ಅಕ್ಕ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಓದಿದವಳು. ಶ್ರವಣ ಪರೀಕ್ಷೆಯೇ ಅವಳ ವೃತ್ತಿ. ಉತ್ತರ ಬೆಳಿಗ್ಗೆ ಬಂತು: “ಕೇಳುವುದಿಲ್ಲ ಅಂದರೆ ಏನೋ? ಕಿವಿಗೆ ಬೀಳುವುದಿಲ್ಲವೋ, ಬಿದ್ದರೂ ಮಾಡುವುದಿಲ್ಲವೋ? ಯಾವಾಗ, ಎಲ್ಲಿ ನಿಂತು, ಏನು ಹೇಳಿದಾಗ? ಎರಡು ವಾರ ಬರೆದಿಡು. ಆಮೇಲೆ ಮಾತಾಡೋಣ.”

ನನ್ನ ಅರ್ಜಿ ಹಿಂದಿರುಗಿತ್ತು.

ಮಗನಿಗೆ ಆಗ ಆರು ವರ್ಷ, ದೆಹಲಿಯ ಶಾಲೆಯೊಂದರಲ್ಲಿ ಒಂದನೆಯ ತರಗತಿ. ಶಾಲೆಯಿಂದಲೂ ಅದೇ ದೂರು ಬಂದಿತ್ತು: ಹುಡುಗನ ಗಮನ ಎಲ್ಲೋ ಇರುತ್ತದೆ, ಕರೆದರೆ ತಿರುಗುವುದಿಲ್ಲ. ಮನೆಯಲ್ಲಿ ಕನ್ನಡ, ಹೊರಗೆ ಹಿಂದಿ ಆಡುವುದರಿಂದ ಮಗು ಗೊಂದಲಗೊಂಡಿದೆ, ಮನೆಯಲ್ಲೂ ಹಿಂದಿಯನ್ನೇ ಆಡಿ ಎಂಬ ಸಲಹೆ ಅದರ ಹಿಂದೆಯೇ ಬಂತು. ಹೊರನಾಡಿನಲ್ಲಿ ಮಕ್ಕಳನ್ನು ಬೆಳೆಸುವ ನಮ್ಮಲ್ಲಿ ಹಲವರು ಈ ಮಾತನ್ನು ಕೇಳಿರುತ್ತೀರಿ. ಎರಡು ಭಾಷೆ ಕಲಿಯುವುದರಿಂದ ಮಗುವಿನ ಕಿವಿಯಾಗಲಿ ಗಮನವಾಗಲಿ ಮಂದವಾಗುವುದಿಲ್ಲ ಎಂದು ಅಕ್ಕ ಆಮೇಲೆ ಸ್ಪಷ್ಟವಾಗಿ ಹೇಳಿದಳು. ಆದರೆ ಆ ದಿನಗಳಲ್ಲಿ ನಾನು ಮಗನೊಡನೆ ಹಿಂದಿಯಲ್ಲಿ ಗದರತೊಡಗಿದ್ದೆ. ಗೋಡೆಗೆ ಮುಖಮಾಡಿ ನಿಲ್ಲಿಸಿ ಹಿಂದಿನಿಂದ ಬೈದದ್ದೂ ಉಂಟು. ಆ ಚಿತ್ರ ಈಗಲೂ ನನ್ನನ್ನು ಬಿಟ್ಟಿಲ್ಲ.

ಹಳೆಯ ನೋಟುಪುಸ್ತಕವೊಂದರಲ್ಲಿ ನಾಲ್ಕು ಅಂಕಣ ಎಳೆದೆ: ಸಮಯ, ಆಡಿದ ಮಾತು, ಆಡಿದವರು ನಿಂತಿದ್ದ ಜಾಗ, ನಂತರ ಆದದ್ದು. ‘ಹಟ ಮಾಡಿದ’, ‘ಲೆಕ್ಕಿಸಲಿಲ್ಲ’ ಎಂದು ಬರೆಯಕೂಡದು, ಕಣ್ಣಿಗೆ ಕಂಡದ್ದನ್ನಷ್ಟೇ ಬರೆಯಬೇಕು ಎಂಬುದು ಅಕ್ಕನ ಕಟ್ಟಪ್ಪಣೆ. ಹದಿನಾಲ್ಕು ದಿನಗಳಲ್ಲಿ 37 ನಮೂದುಗಳಾದವು. ಅವುಗಳಲ್ಲಿ 22 ಬಾರಿ ನಾವು ಬೇರೆ ಕೋಣೆಯಿಂದಲೋ ಅವನ ಬೆನ್ನ ಹಿಂದಿನಿಂದಲೋ ಮಾತಾಡಿದ್ದೆವು. ಅವನು ಹೇಳಿದಂತೆ ಮಾಡಿದ್ದು ಐದು ಬಾರಿ. ಉಳಿದ 15 ಬಾರಿ ಎದುರಿಗೆ, ಕೈಯಳತೆಯಲ್ಲಿ ನಿಂತು ಹೇಳಿದ್ದೆವು. ಅವುಗಳಲ್ಲಿ 11 ಬಾರಿ ಮರುಮಾತಿಲ್ಲದೆ ಮಾಡಿದ್ದ.

ಒಂದು ನಮೂದು ವಿಚಿತ್ರವಾಗಿತ್ತು. ಅಡುಗೆಮನೆಯಿಂದ ನನ್ನ ಹೆಂಡತಿ “ಆ ಲೋಟ ಮುಟ್ಟಬೇಡ” ಎಂದಿದ್ದಳು. ಅವನು ಎದ್ದು ಹೋಗಿ ಲೋಟವನ್ನೇ ಎತ್ತಿಕೊಂಡ. “ನೋಡ್ರೀ, ಬೇಡ ಅಂದದ್ದನ್ನೇ ಮಾಡ್ತಾನೆ” ಎಂದು ಅವಳು ಅತ್ತಳು. ಅಕ್ಕನಿಗೆ ಇದನ್ನು ಓದಿ ಹೇಳಿದಾಗ ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ನಮ್ಮ ಭಾಷೆಯಲ್ಲಿ ‘ಬೇಡ’ ಬರುವುದು ವಾಕ್ಯದ ಕೊನೆಗೆ ಕಣೋ. ಅಷ್ಟು ಹೊತ್ತಿಗೆ ದನಿ ಇಳಿದಿರುತ್ತದೆ. ಅವನಿಗೆ ‘ಲೋಟ’ ಮಾತ್ರ ಕೇಳಿರಬಹುದು. ನಾಳೆಯೇ ಕಿವಿ ತೋರಿಸು” ಎಂದಳು.

ಕಿವಿ ನೋವಾಗಲಿ ಸೋರುವಿಕೆಯಾಗಲಿ ಅವನಿಗೆ ಎಂದೂ ಇರಲಿಲ್ಲವಲ್ಲ ಎಂದೆ. ನೋವಿಲ್ಲದೆ ಬರುವುದೇ ಈ ತೊಂದರೆಯ ಮೋಸ ಎಂದು ಅವಳು ವಿವರಿಸಿದಳು. ಮೂಗಿನ ಹಿಂಭಾಗದಿಂದ ನಡುಗಿವಿಗೆ ಗಾಳಿ ಒಯ್ಯುವ ಸಣ್ಣ ನಾಳವೊಂದಿದೆ. ಮಕ್ಕಳಲ್ಲಿ ಅದು ಗಿಡ್ಡ, ಹೆಚ್ಚು ಅಡ್ಡಡ್ಡ. ನೆಗಡಿಯಿಂದಲೋ ಮೂಗಿನ ಹಿಂದಿನ ಅಡಿನಾಯ್ಡ್ ಗ್ರಂಥಿ ಊದಿದ್ದರಿಂದಲೋ ಆ ನಾಳ ಕೆಲಸ ಮಾಡದಿದ್ದರೆ ತಮಟೆಯ ಹಿಂದೆ ದ್ರವ ಸೇರುತ್ತದೆ, ಕೆಲವೊಮ್ಮೆ ಅಂಟಿನಂತೆ ಗಟ್ಟಿಯಾಗುತ್ತದೆ. ಇದಕ್ಕೆ ‘ಗ್ಲೂ ಇಯರ್’ ಎಂಬ ಹೆಸರಿದೆ. ಇದು ಒಂದು ವಾರ ಹೆಚ್ಚು, ಇನ್ನೊಂದು ವಾರ ಕಡಿಮೆ. ಆದ್ದರಿಂದಲೇ ‘ಬೇಕಾದಾಗ ಕೇಳುತ್ತದೆ, ಬೇಡವಾದಾಗ ಕೇಳುವುದಿಲ್ಲ’ ಎಂದು ದೊಡ್ಡವರು ತೀರ್ಮಾನಿಸುತ್ತಾರೆ. ಅದು ದೆಹಲಿಯ ಡಿಸೆಂಬರ್. ಮಗನ ಮೂಗು ದೀಪಾವಳಿಯಿಂದ ಕಟ್ಟಿಕೊಂಡೇ ಇತ್ತು. ರಾತ್ರಿ ಬಾಯಿ ತೆರೆದು ಮಲಗುತ್ತಿದ್ದ, ಟೀವಿಯ ದನಿ ಏರಿಸುತ್ತಿದ್ದ. ಇವೆಲ್ಲ ನಮ್ಮ ಕಣ್ಣೆದುರಿಗೇ ಇದ್ದವು.

ಪರೀಕ್ಷೆ ಸರಳವಾಗಿತ್ತು. ಸದ್ದು ನುಗ್ಗದ ಪುಟ್ಟ ಕೋಣೆಯಲ್ಲಿ ಅವನಿಗೆ ಹೆಡ್‌ಫೋನ್ ಹಾಕಿ, ‘ಬೀಪ್’ ಕೇಳಿದಾಗಲೆಲ್ಲ ಬುಟ್ಟಿಗೆ ಒಂದು ಮರದ ತುಂಡು ಹಾಕು ಎಂದರು. ಗಾಜಿನಾಚೆ ನಾನು ಕುಳಿತಿದ್ದೆ. ಮೊದಲು ಅವನು ಉತ್ಸಾಹದಿಂದ ಹಾಕಿದ. ದನಿ ಇಳಿಯುತ್ತ ಹೋದಂತೆ ತುಂಡನ್ನು ಕೆನ್ನೆಗೊತ್ತಿ ಹಿಡಿದು ಉಸಿರು ಬಿಗಿಹಿಡಿದು ಕಾದ. ಮಾತು ಕೇಳದ ಹುಡುಗ ಅಷ್ಟು ಶ್ರದ್ಧೆಯಿಂದ ಕೇಳಲು ಪ್ರಯತ್ನಿಸುತ್ತಿದ್ದುದನ್ನು ನಾನು ಅಂದು ಮೊದಲ ಬಾರಿಗೆ ನೋಡಿದೆ.

ಎರಡೂ ಕಿವಿಗಳಲ್ಲಿ ಸುಮಾರು 35 ಡೆಸಿಬಲ್ ಬಂತು. ಮಕ್ಕಳಲ್ಲಿ 20ರೊಳಗಿದ್ದರೆ ಸಹಜ. ಪಿಸುಮಾತು ಸುಮಾರು 30. ಎದುರಿಗೆ ನಿಂತು ಆಡುವ ಮಾತು 50ರಿಂದ 60. ಎಂದರೆ ಎದುರಿನ ಮಾತು ಅವನಿಗೆ ಪಿಸುಮಾತಿನಂತೆ ಮೆಲ್ಲಗೆ ಕೇಳುತ್ತಿತ್ತು. ಪಕ್ಕದ ಕೋಣೆಯದು ಬಹುಪಾಲು ಕಳೆದುಹೋಗುತ್ತಿತ್ತು. ಕಿವಿಯ ಹಿಂದಿನ ಮೂಳೆಗೆ ಕಂಪನ ಕೊಟ್ಟು ನೋಡಿದಾಗ ಫಲಿತಾಂಶ ಸಹಜವಾಗಿತ್ತು. ಆದ್ದರಿಂದ ಒಳಗಿವಿಗೆ ದೋಷವಿಲ್ಲ, ದಾರಿಯಲ್ಲಿ ಅಡ್ಡಿಯಿದೆ ಎಂದು ತಿಳಿಯಿತು. ತಮಟೆಯ ಚಲನೆಯನ್ನು ಅಳೆಯುವ ಟಿಂಪನೋಮೆಟ್ರಿಯಲ್ಲಿ ಗುಡ್ಡದಂತೆ ಏಳಬೇಕಾಗಿದ್ದ ಗೆರೆ ಚಪ್ಪಟೆಯಾಗಿ ಮಲಗಿತ್ತು. ಹಿಂದೆ ದ್ರವವಿದೆ ಎಂಬುದಕ್ಕೆ ಅದು ಗುರುತು.

ವೈದ್ಯರು ಔಷಧಿಯನ್ನೇ ಬರೆಯಲಿಲ್ಲ. ಆ್ಯಂಟಿಬಯಾಟಿಕ್ಕಿನಿಂದ ಇಲ್ಲಿ ಹೆಚ್ಚು ಪ್ರಯೋಜನವಿಲ್ಲ, ಬಹಳಷ್ಟು ಮಕ್ಕಳಲ್ಲಿ ಇದು ತಾನಾಗಿಯೇ ಇಳಿಯುತ್ತದೆ, ಮೂರು ತಿಂಗಳು ಕಾದು ಮತ್ತೆ ಪರೀಕ್ಷಿಸೋಣ ಎಂದರು. ಇಳಿಯದೆ ಶ್ರವಣವೂ ಹಾಗೆಯೇ ಉಳಿದರೆ ತಮಟೆಯಲ್ಲಿ ಗ್ರಾಮೆಟ್ ಎಂಬ ಸಣ್ಣ ಕೊಳವೆ ಕೂರಿಸುವ ವಿಚಾರ. ಅಲ್ಲಿಯವರೆಗೆ ತರಗತಿಯಲ್ಲಿ ಮುಂದಿನ ಸಾಲು, ಮನೆಯಲ್ಲಿ ಹತ್ತಿರ ಹೋಗಿ, ಹೆಸರು ಹಿಡಿದು, ಮುಖ ನೋಡಿ, ಒಂದು ಸಲಕ್ಕೆ ಒಂದೇ ಮಾತು. ನಾವು ಮತ್ತೆ ಕನ್ನಡಕ್ಕೆ ಮರಳಿದೆವು.

ಮಾರ್ಚಿನಲ್ಲಿ ಎರಡೂ ಕಿವಿಗಳು 20ರೊಳಗೆ ಬಂದವು, ಚಪ್ಪಟೆ ಗೆರೆ ಗುಡ್ಡವಾಯಿತು. ಎಲ್ಲ ಮಕ್ಕಳಿಗೂ ಹೀಗೆಯೇ ಆಗುತ್ತದೆಂದಲ್ಲ. ಮುಂದಿನ ಚಳಿಗಾಲಕ್ಕೆ ಮರುಕಳಿಸಬಹುದೆಂದು ವೈದ್ಯರೇ ಎಚ್ಚರಿಸಿದ್ದಾರೆ.

ಇಷ್ಟಾದ ಮೇಲೆ ಅವನು ಎಲ್ಲ ಮಾತನ್ನೂ ಕೇಳುತ್ತಾನೆಯೇ? ಇಲ್ಲ. ಎದುರಿಗೆ ನಿಂತು ಹೇಳಿದರೂ ಅವನು ಮಾಡದೆ ಬಿಟ್ಟ ನಾಲ್ಕು ನಮೂದುಗಳನ್ನು ನಾನು ಮರೆತಿಲ್ಲ. ನಾಲ್ಕೂ ಆಟ ನಿಲ್ಲಿಸು ಎಂದದ್ದಕ್ಕೆ ಸೇರಿದವು. ಅದು ಕಿವಿಯ ಮಾತಲ್ಲ. ಅದಕ್ಕೆ ಆರು ವರ್ಷದ ಯಾವ ಮಗುವಿನೊಡನೆಯೂ ಮಾಡಬೇಕಾದ ಚೌಕಾಸಿಯನ್ನೇ ಮಾಡಬೇಕು. ಇನ್ನೈದು ನಿಮಿಷ ಎಂದು ಮೊದಲೇ ಹೇಳಿದರೆ ಕೆಲವು ದಿನ ಬರುತ್ತಾನೆ, ಕೆಲವು ದಿನ ಬರುವುದಿಲ್ಲ.

ಕನ್ನಡದಲ್ಲಿ ಕಿವಿಗೊಡುವುದಕ್ಕೂ ‘ಕೇಳು’, ವಿಧೇಯನಾಗುವುದಕ್ಕೂ ‘ಕೇಳು’, ಪ್ರಶ್ನಿಸುವುದಕ್ಕೂ ‘ಕೇಳು’. ಮೊದಲಿನ ಎರಡನ್ನು ನಾನು ಬೆರೆಸಿಕೊಂಡು ಕುಳಿತಿದ್ದೆ. ಮೂರನೆಯದನ್ನು ಮಾಡಿಯೇ ಇರಲಿಲ್ಲ. ಮಾರ್ಚಿನ ಪರೀಕ್ಷೆಯ ದಿನ ಆಟೋದಲ್ಲಿ ಬರುವಾಗ ಕೇಳಿದೆ: “ಮೊದಲು ನಾವು ಕರೆದಾಗ ನಿನಗೆ ಕೇಳಿಸುತ್ತಿರಲಿಲ್ಲವೇ? ಯಾಕೆ ಹೇಳಲಿಲ್ಲ ಮಗಾ?”

“ನೀವೆಲ್ಲ ಮೆಲ್ಲಗೆ ಮಾತಾಡ್ತೀರಿ ಅಂದ್ಕೊಂಡಿದ್ದೆ ಅಪ್ಪಾ,” ಎಂದ. “ಬೈಯುವಾಗ ಮಾತ್ರ ಜೋರಾಗಿ.”