ತಡವಾದದ್ದು ಯಾರಿಂದ?

ಅರ್ಜಿ ಎಂದ ಕೂಡಲೆ ನಮಗೆ ಕೈ ಮುಗಿಯುವುದು ನೆನಪಾಗುತ್ತದೆ. "ತಮ್ಮಲ್ಲಿ ವಿನಯಪೂರ್ವಕವಾಗಿ ಬೇಡಿಕೊಳ್ಳುವುದೇನೆಂದರೆ" ಎಂದು ಶುರುವಾಗಿ, ಮನೆಯ ಕಷ್ಟವನ್ನೆಲ್ಲ ತೋಡಿಕೊಂಡು, "ದಯವಿಟ್ಟು ಮನ್ನಿಸಬೇಕು" ಎಂಬಲ್ಲಿಗೆ ಮುಗಿಯುತ್ತದೆ. ರಜಾ ಅರ್ಜಿಗೆ ಇದು ಚೆನ್ನ. ಆದರೆ ತಪ್ಪು ಅರ್ಜಿ ಓದುವವರ ಕಡೆಯದೇ ಆಗಿದ್ದರೆ? ಮನ್ನಿಸಿ ಎಂದು ಬರೆದವರೇ ತಪ್ಪನ್ನು ಹೊತ್ತುಕೊಂಡಂತಾಗುತ್ತದೆ.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮನೆಯಲ್ಲೇ ಕುಳಿತು, ಕಂಪ್ಯೂಟರಿನಲ್ಲಿ ಕನ್ನಡ ಮಾತಿನ ತುಣುಕುಗಳನ್ನು ಕೇಳಿ ಟೈಪು ಮಾಡಿಕೊಡುತ್ತಾಳೆ. ಕೆಲಸ ಕೊಡುವ ಕಂಪನಿ ಎಲ್ಲೋ ದೂರದೇಶದ್ದು. ಮೇಲಧಿಕಾರಿಯ ಮುಖವನ್ನು ಇವಳು ಕಂಡವಳಲ್ಲ. ಪ್ರತಿ ತುಣುಕಿಗೂ ಒಂದು ಗಡುವು. ಗಡುವು ಮೀರಿದರೆ `Missed deadline` ಎಂಬ ಗುರುತು ಬೀಳುತ್ತದೆ, ಹಣ ಬರುವುದಿಲ್ಲ. ಅದಕ್ಕಿಂತ ದೊಡ್ಡ ಪೆಟ್ಟು ಇನ್ನೊಂದಿದೆ. ಕೊನೆಯ 60 ಕೆಲಸಗಳಲ್ಲಿ ನೂರಕ್ಕೆ 90 ಹೊತ್ತಿಗೆ ಸರಿಯಾಗಿ ಸೇರಿರದಿದ್ದರೆ ಅವಳಿಗೆ ಹೊಸ ಕೆಲಸವೇ ಬರುವುದಿಲ್ಲ.

ಒಂದು ಬೆಳಿಗ್ಗೆ ನೋಡಿದರೆ 9 ಕೆಲಸಗಳಿಗೆ ಆ ಗುರುತು ಬಿದ್ದಿತ್ತು. ನೂರಕ್ಕೆ ನೂರು ಇದ್ದದ್ದು 85ಕ್ಕೆ ಇಳಿದಿತ್ತು. ಅಳು ನುಂಗಿಕೊಂಡು ನನ್ನಲ್ಲಿಗೆ ಬಂದಳು. ಆಗಲೇ ಒಂದು ಅರ್ಜಿಯನ್ನೂ ಬರೆದಿದ್ದಳು: ಮಗು ಚಿಕ್ಕದು, ಅತ್ತೆಗೆ ಮಂಡಿನೋವು, ಇನ್ನು ಮುಂದೆ ತಡಮಾಡುವುದಿಲ್ಲ.

"ನೀನು ತಡಮಾಡಿದೆಯೇನೇ?" ಎಂದೆ.

"ಇಲ್ಲ ಮಿಸ್. ಮುಗಿಸಿ ಕಳಿಸೋಕೆ ಹೋದಾಗ ಅವರದೇ ಕೆಟ್ಟುಹೋಗಿತ್ತು."

ಹಾಗಾದರೆ ಅದನ್ನೇ ಬರೆಯಬೇಕಲ್ಲ! ಇಬ್ಬರೂ ಕುಳಿತು ಹೊತ್ತುಗಳನ್ನು ಸಾಲಾಗಿ ಬರೆದುಕೊಂಡೆವು. ಕಂಪನಿಯ ಗಡಿಯಾರ `UTC` ಎಂಬ ಲೆಕ್ಕದ್ದು. ನಮ್ಮದು ಅದಕ್ಕಿಂತ ಐದೂವರೆ ಗಂಟೆ ಮುಂದೆ. ಗಡುವು 18:00 ಎಂದರೆ ನಮಗೆ ರಾತ್ರಿ 11.30. ಇವಳು ಕಳಿಸಲು ಒತ್ತಿದ್ದು ರಾತ್ರಿ 10.55ಕ್ಕೆ, ಅಂದರೆ ಅವರ 17:25ಕ್ಕೆ. ಆಗ `503 Service Unavailable` ಎಂದು ಬಂದದ್ದನ್ನು ಫೋನಿನಲ್ಲಿ ಫೋಟೋ ಹಿಡಿದಿದ್ದಳು. ಇಂಥ ಸಂಖ್ಯೆ 5ರಿಂದ ಶುರುವಾದರೆ ದೋಷ ಅವರ ಕಡೆಯ ಯಂತ್ರದ್ದು ಎಂದರ್ಥ. ನಮ್ಮ ಮನೆಯ ಇಂಟರ್ನೆಟ್ಟು ಹೋಗಿದ್ದರೆ ಅವರ ಯಂತ್ರದಿಂದ ಸಂಖ್ಯೆ ಬರುವುದೇ ಸಾಧ್ಯವಿಲ್ಲ. ಎಲ್ಲ ಸರಿಹೋದದ್ದು 11.40ಕ್ಕೆ. ಆಗ ಕಳಿಸಿದ್ದಕ್ಕೆ ಹತ್ತು ನಿಮಿಷ ತಡವೆಂದು ಗುರುತು ಬಿದ್ದಿತ್ತು.

ಫೋಟೋ ನಮ್ಮ ಕಡೆಯ ಸಾಕ್ಷಿ, ಅವರು ನಂಬದೆಯೂ ಇರಬಹುದು. ಆದರೆ ಟೈಪು ಮಾಡಿದಂತೆಲ್ಲ ಬರಹ ಅವರಲ್ಲೇ ತಾನಾಗಿ ಉಳಿಯುತ್ತಿತ್ತು. ಪ್ರತಿಯೊಂದರ ಕೆಳಗೂ `Last saved` ಎಂದು ವೇಳೆ ಇತ್ತು. ಕೊನೆಯದು 17:21. ಕೆಲಸ ಗಡುವಿನೊಳಗೆ ಮುಗಿದಿತ್ತೆಂದು ಅವರ ಪುಸ್ತಕವೇ ಹೇಳುತ್ತಿತ್ತು.

ಆದರೆ ಹೀಗಿದ್ದವು 7 ಮಾತ್ರ. ಉಳಿದೆರಡರ ಗಡುವು ಸಂಜೆ ಆರಕ್ಕೇ ಮುಗಿದಿತ್ತು. ಮಗುವಿಗೆ ಜ್ವರವೆಂದು ಅವನ್ನು ಇವಳು ಮುಟ್ಟಿರಲೇ ಇಲ್ಲ. "ಹೇಗೂ ಬರೀತಿದೀವಿ, ಅವನ್ನೂ ಸೇರಿಸಿಬಿಡೋಣ ಮಿಸ್" ಎಂದಳು. ಎರಡು ಕೆಲಸದ ದುಡ್ಡು ಅವಳಿಗೆ ಸಣ್ಣದಲ್ಲ, ನನಗೆ ಗೊತ್ತು. ಆದರೂ ಬೇಡವೆಂದೆ. ಪರೀಕ್ಷಿಸುವವರು ಮೊದಲು ಆ ಎರಡನ್ನೇ ತೆರೆದರೆ ಉಳಿದ ಏಳರ ಮಾತೂ ಸುಳ್ಳೆನಿಸುತ್ತದೆ. ಎರಡನ್ನು ಬಿಟ್ಟರೂ 60ರಲ್ಲಿ 58 ನಿಲ್ಲುತ್ತದೆ, ನೂರಕ್ಕೆ ಸುಮಾರು 97. ಕೆಲಸ ಉಳಿಯಲು ಅಷ್ಟು ಸಾಕು.

ಕೊನೆಗೆ ಅವಳು ಇಂಗ್ಲಿಷಿನಲ್ಲಿ ಬರೆದು ಕಳಿಸಿದ್ದರ ಸಾರ ಇಷ್ಟೆ: "ಕೆಳಗಿನ 7 ಕೆಲಸಗಳ ಗಡುವು 18:00 `UTC`. 17:25ಕ್ಕೆ ಕಳಿಸಲು ಒತ್ತಿದಾಗ 503 ಎಂದು ಬಂತು, ಚಿತ್ರ ಲಗತ್ತಿಸಿದೆ. ತಾಣ ಸರಿಯಾದದ್ದು 18:10ಕ್ಕೆ, ಆಗಲೇ ಕಳಿಸಿದೆ. ಪ್ರತಿ ಕೆಲಸದ `Last saved` ವೇಳೆಯನ್ನು ನಿಮ್ಮ ದಾಖಲೆಯಲ್ಲಿ ನೋಡಿ, ಗುರುತನ್ನು ತೆಗೆದು ಹಣ ಕೊಡಬೇಕು. ಇನ್ನೆರಡು ಕೆಲಸಗಳ ಬಗ್ಗೆ ನನ್ನ ತಕರಾರಿಲ್ಲ." ಕೆಳಗೆ ಏಳು ಸಾಲು, ಒಂದೊಂದರಲ್ಲೂ ಕೆಲಸದ ಸಂಖ್ಯೆ, ಅದರ ವೇಳೆ. ಮಂಡಿನೋವಿನ ಸುದ್ದಿ ಎಲ್ಲೂ ಇಲ್ಲ.

ಮರುದಿನವೇ ಅಚ್ಚುಹಾಕಿದಂಥ ಉತ್ತರ ಬಂತು: ಗಡುವು ಬದಲಾಗುವುದಿಲ್ಲ. ಅವಳ ಮುಖ ಬಾಡಿತು. ಗಡುವು ಬದಲಿಸಿ ಎಂದು ನಾವು ಕೇಳಿಯೇ ಇರಲಿಲ್ಲ! ಹೊಸ ದೂರು ಕೊಟ್ಟರೆ ಹಳೆಯ ಸಾಕ್ಷಿ ಬೇರೆಯಾಗಿಬಿಡುತ್ತದೆಂದು ಅದೇ ಪತ್ರದ ಕೆಳಗೆ ಒಂದೇ ಪ್ರಶ್ನೆ ಬರೆಸಿದೆ: "ಈ 7ಕ್ಕೆ ನಿಮ್ಮ ದಾಖಲೆಯಲ್ಲಿರುವ `Last saved` ವೇಳೆ ಎಷ್ಟು?" ಇದಕ್ಕೆ ಅಚ್ಚಿನ ಉತ್ತರ ಸಾಲದು, ಯಾರಾದರೂ ತೆರೆದು ನೋಡಲೇಬೇಕು.

ನಾಲ್ಕು ದಿನದ ಮೇಲೆ ಏಳೂ ಗುರುತುಗಳು ಅಳಿಸಿದವು. ಹಣ ಬಂದದ್ದು ಐದಕ್ಕೆ ಮಾತ್ರ. ಎರಡು ತುಣುಕುಗಳನ್ನು ಅಷ್ಟರಲ್ಲಿ ಬೇರೆಯವರಿಂದ ಮಾಡಿಸಿಬಿಟ್ಟಿದ್ದರಂತೆ. ಮಾಡಿದ ಕೆಲಸಕ್ಕೆ ಕೂಲಿಯಿಲ್ಲವೆಂದರೆ ಯಾವ ನ್ಯಾಯ? ಅದಕ್ಕೀಗ ಅವಳು ಇನ್ನೊಂದು ಪತ್ರ ಬರೆಯುತ್ತಿದ್ದಾಳೆ. ಈ ಸಲ ನನ್ನನ್ನು ಕೇಳಲು ಬಂದಿಲ್ಲ.