ಗಡಿಯಾರಕ್ಕಲ್ಲ, ಎಚ್ಚರಕ್ಕೆ ಕಟ್ಟಿದ ವ್ಯಾಯಾಮ

ಇಂಟರ್ನ್‌ಶಿಪ್‌ಗೆ ಅಂತ ನಾವು ನಾಲ್ವರು ಒಂದು ಬಿಡಿಭಾಗಗಳ ಕಾರ್ಖಾನೆಗೆ ಹೋಗ್ತಿದ್ದೇವೆ. ಅಲ್ಲಿ ವಾರಕ್ಕೊಂದು ಶಿಫ್ಟ್: ಫಸ್ಟ್ 6ರಿಂದ 2, ಸೆಕೆಂಡ್ 2ರಿಂದ 10, ನೈಟ್ 10ರಿಂದ ಬೆಳಿಗ್ಗೆ 6. ನಮ್ಮಲ್ಲಿ ಇಬ್ಬರು ಓದು ಮುಗಿದ ಮೇಲೂ ಅಲ್ಲೇ ಸೇರೋರು. ಹಾಗಾಗಿ ಈ ಲೆಕ್ಕ ನಮಗೆ ಆರು ತಿಂಗಳದ್ದಲ್ಲ, ವರ್ಷಗಳದ್ದು.

"ದಿನಾ ಬೆಳಿಗ್ಗೆ 6ಕ್ಕೆ ಓಟ" ಅನ್ನೋ ನಿಯಮ ಇಲ್ಲಿ ನಡೆಯಲ್ಲ. ಆ ಹೊತ್ತಿಗೆ ಫಸ್ಟ್ ಶಿಫ್ಟಲ್ಲಿ ಮಷೀನ್ ಮುಂದೆ ಇರ್ತೀವಿ, ನೈಟಲ್ಲಿ ಪಂಚ್ ಮಾಡೋ ಸಾಲಿನಲ್ಲಿ, ಸೆಕೆಂಡಲ್ಲಿ ಗಾಢ ನಿದ್ದೆಯಲ್ಲಿ. ಆದರೆ ಯಾವ ಶಿಫ್ಟ್ ಇದ್ರೂ ಏಳೋದು, ಸ್ನಾನ ಮಾಡೋದು ತಪ್ಪಲ್ಲ. ಅದಕ್ಕೇ ವ್ಯಾಯಾಮವನ್ನ ಆ ಎರಡರ ನಡುವೆ ಇಟ್ಟೆವು: ಎದ್ದು, ನೀರು ಕುಡಿದು, ಹತ್ತು ನಿಮಿಷ, ಆಮೇಲೆ ಸ್ನಾನ. 15 ಬಸ್ಕಿ, 8 ದಂಡ, 30 ಸೆಕೆಂಡ್ ಪ್ಲ್ಯಾಂಕ್. ಇದೇ ಮೂರು ಸುತ್ತು. ಜಾಗ ಚಾಪೆಯಷ್ಟು ಸಾಕು.

ಹತ್ತು ನಿಮಿಷದಿಂದ ಏನಾಗುತ್ತೆ ಅಂತ ಕೇಳಬಹುದು. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳೋದು ವಾರಕ್ಕೆ ಕನಿಷ್ಠ 150 ನಿಮಿಷ ಸಾಧಾರಣ ಶ್ರಮ, ಜೊತೆಗೆ ಎರಡು ದಿನ ಸ್ನಾಯುಗಳಿಗೆ ಕೆಲಸ. ಒಂದೊಂದು ಸಲವೂ ಹತ್ತು ನಿಮಿಷ ಇರಲೇಬೇಕು ಅನ್ನೋ ಹಳೆಯ ಷರತ್ತನ್ನ 2020ರಲ್ಲಿ ತೆಗೆದುಹಾಕಿದ್ರು. ಊಟದ ಬಿಡುವಿನಲ್ಲಿ ಐದು ನಿಮಿಷ ಬಿರುಸಾಗಿ ನಡೆದ್ರೂ ಲೆಕ್ಕಕ್ಕೆ ಬರುತ್ತೆ. ಇದರ ಮೇಲೆ ವಾರಕ್ಕೆ ಎರಡು ಸಲ ಅರ್ಧ ಗಂಟೆಯ ಓಟ. ಫಸ್ಟ್ ಶಿಫ್ಟಲ್ಲಿ ಅದು ಸಂಜೆ 4ಕ್ಕೆ, ಸೆಕೆಂಡಲ್ಲಿ ಬೆಳಿಗ್ಗೆ 9ಕ್ಕೆ.

ಕಷ್ಟದ ವಾರ ನೈಟ್‌ದು. ರೂಮಿಗೆ ಬಂದ ಕೂಡಲೇ ಓಡೋಣ ಅನ್ಸುತ್ತೆ, ಆದರೆ ಜೋರು ಓಟ ಎದೆಬಡಿತವನ್ನೂ ಮೈ ಬಿಸಿಯನ್ನೂ ಏರಿಸುತ್ತೆ, ಬೆಳಗಿನ ಬಿಸಿಲು ಮೈಗೆ ಹಗಲಾಯ್ತು ಅಂತ ಹೇಳುತ್ತೆ. ಎರಡೂ ಸೇರಿ ನಿದ್ದೆ ದೂರ. ಅದಕ್ಕೇ ನಮ್ಮ ಕ್ರಮ ಹೀಗೆ: 7ಕ್ಕೆ ತಿಂಡಿ, 8ಕ್ಕೆ ಪರದೆ ಎಳೆದು ನಿದ್ದೆ, ಮಧ್ಯಾಹ್ನ 3ಕ್ಕೆ ಎದ್ದು ಹತ್ತು ನಿಮಿಷ, ಓಟ ಇದ್ದ ದಿನ ಸ್ನಾನಕ್ಕೆ ಮುಂಚೆ 4:30ಕ್ಕೆ. ರಾತ್ರಿ ಹೊರಡೋ ಹೊತ್ತಿಗೆ ದಣಿವು ಆರಿರುತ್ತೆ.

ನಿದ್ದೆ ಐದು ಗಂಟೆಗಿಂತ ಕಡಿಮೆಯಾದ ದಿನ ಓಟ ಇಲ್ಲ, ಒಂದೇ ಸುತ್ತು, ಅಷ್ಟೆ. ಶಿಫ್ಟ್ ಬದಲಾಗೋ ದಿನ ಪೂರ್ತಿ ರಜೆ, ಯಾಕಂದ್ರೆ ಅವತ್ತು ಮೈಗೆ ಮೊದಲು ಬೇಕಾದ್ದು ನಿದ್ದೆ. ಓಡಿದ ದಿನ ಮಲಗಿ ಅರ್ಧ ಗಂಟೆಯಾದ್ರೂ ನಿದ್ದೆ ಹತ್ತದಿದ್ರೆ, ಮುಂದಿನ ಓಟವನ್ನ ಮಲಗೋ ಹೊತ್ತಿನಿಂದ ಇನ್ನೂ ದೂರಕ್ಕೆ ಸರಿಸ್ತೀವಿ.

ರೂಮಿನ ಕ್ಯಾಲೆಂಡರಲ್ಲಿ ಗಂಟೆ ಬರೆಯಲ್ಲ, ಟಿಕ್ ಮಾತ್ರ. ಏಳರಲ್ಲಿ ಐದು ಬಿದ್ರೆ ಆ ವಾರ ಪಾಸ್.